ಬೀಪ್ ಆಯ್ತು, ದುಡ್ಡು ಬಂತಾ?

ಕೌಂಟರ್ ಮುಂದೆ ನಿಂತು ಫೋನ್ ಮುಂದೆ ಚಾಚುತ್ತೀರಿ. ಕ್ಯಾಷಿಯರ್ ಅದರ ಮೇಲೆ ಸ್ಕ್ಯಾನರ್ ಹಿಡಿಯುತ್ತಾರೆ. ಬೀಪ್ ಅನ್ನುತ್ತದೆ. ಒಂದೆರಡು ಸೆಕೆಂಡಿಗೆ ಬಿಲ್ ಹೊರಗೆ ಬರುತ್ತದೆ. ಬೀಪ್ ಕೇಳಿದ ಕೂಡಲೇ ದುಡ್ಡು ಹೋಯಿತು ಅಂತ ನಾವು ಅಂದುಕೊಂಡುಬಿಡುತ್ತೇವೆ, ಅಲ್ವಾ? ನಿಜ ಹೇಳಬೇಕೆಂದರೆ ಆ ಸದ್ದಿಗೂ ದುಡ್ಡಿಗೂ ಸಂಬಂಧವೇ ಇಲ್ಲ. ಸ್ಕ್ಯಾನರ್‌ಗೆ ಕೋಡ್ ಓದಲು ಬಂತು, ಅಷ್ಟೇ ಅದರ ಅರ್ಥ. ದುಡ್ಡಿನ ಕೆಲಸ ಶುರುವಾಗುವುದೇ ಅದರ ನಂತರ.

ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನಾನು ಕೆಲಸ ಮಾಡಿದ್ದೇನೆ. ಅಲ್ಲಿ ನಮ್ಮ ನಿದ್ದೆ ಕೆಡಿಸಿದ್ದು ಬೀಪ್‌ಗೂ ಬಿಲ್ಲಿಗೂ ನಡುವಿನ ಆ ಎರಡು ಸೆಕೆಂಡುಗಳೇ. ಅದರಲ್ಲೂ ಆ ಎರಡು ಸೆಕೆಂಡು ಇಪ್ಪತ್ತಾದ ದಿನಗಳು. ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಕೋಡ್‌ನಿಂದ ದುಡ್ಡು ಕೊಡುವುದಕ್ಕೆ ಎರಡು ದಾರಿ ಇವೆ. ಅಂಗಡಿಯವರು ಇಟ್ಟಿರುವ ಕೋಡನ್ನು ಗ್ರಾಹಕರು ಸ್ಕ್ಯಾನ್ ಮಾಡುವುದು ಒಂದು. ಗ್ರಾಹಕರ ಫೋನಿನಲ್ಲಿರುವ ಕೋಡನ್ನು ಅಂಗಡಿಯವರು ಸ್ಕ್ಯಾನ್ ಮಾಡುವುದು ಇನ್ನೊಂದು. ನೋಡಲು ಎರಡೂ ಒಂದೇ ಥರ ಕಂಡರೂ ಒಳಗಿನ ಲೆಕ್ಕ ಪೂರ್ತಿ ತಿರುಗುಮುರುಗು. ಮೊದಲನೆಯದರಲ್ಲಿ ಕೋಡ್ ಹೇಳುವುದು "ದುಡ್ಡು ಇಲ್ಲಿಗೆ ಕಳಿಸಿ" ಅಂತ, ಅದು ಒಂದು ವಿಳಾಸ ಮಾತ್ರ, ಎಷ್ಟು ಜನ ನೋಡಿದರೂ ತೊಂದರೆ ಇಲ್ಲ. ಎರಡನೆಯದರಲ್ಲಿ ಕೋಡ್ ಹೇಳುವುದು "ನನ್ನ ಖಾತೆಯಿಂದ ತೆಗೆದುಕೊಳ್ಳಿ" ಅಂತ. ಅಂದರೆ ಅದು ಅನುಮತಿ ಚೀಟಿ. ಇಲ್ಲಿ ನಾನು ಹೇಳುತ್ತಿರುವುದು ಈ ಎರಡನೆಯ ದಾರಿಯ ಬಗ್ಗೆ.

ಆ ಚೀಟಿಯಲ್ಲಿ ಏನು ಬರೆದಿದೆ? ನಿಮ್ಮ ಹೆಸರಿಲ್ಲ, ಖಾತೆಯಲ್ಲಿ ಎಷ್ಟಿದೆ ಅನ್ನುವುದೂ ಇಲ್ಲ, ಎಷ್ಟು ಕೊಡಬೇಕು ಅನ್ನುವುದೂ ಇಲ್ಲ. ಚೀನಾದ ಪಾವತಿ ಆಪ್ ವೀಚಾಟ್ ಪೇಯ ಕೋಡ್ ಅಂದರೆ ಬರೀ 18 ಅಂಕಿ, ಶುರುವಾಗುವುದು 10ರಿಂದ 15ರವರೆಗಿನ ಯಾವುದಾದರೂ ಒಂದರಿಂದ. ಅಲ್ಲಿಯದೇ ಇನ್ನೊಂದು ಆಪ್ ಅಲಿಪೇಯ ಕೋಡ್ 25ರಿಂದ 30ರ ಒಳಗಿನ ಅಂಕಿಯಿಂದ ಶುರುವಾಗುತ್ತದೆ, ಉದ್ದ 16ರಿಂದ 24 ಅಂಕಿ. ಆ ಮೊದಲ ಎರಡು ಅಂಕಿ ನೋಡಿಯೇ ಅಂಗಡಿಯ ಸಾಫ್ಟ್‌ವೇರ್ ಇದನ್ನು ಯಾವ ಕಂಪನಿಯ ಸರ್ವರ್‌ಗೆ ಕಳಿಸಬೇಕು ಅಂತ ತೀರ್ಮಾನ ಮಾಡುತ್ತದೆ. ಒಂದೇ ಸ್ಕ್ಯಾನರ್ ಎಲ್ಲ ಆಪ್‌ಗಳಿಗೂ ಸಾಕಾಗುವುದು ಇದರಿಂದಲೇ.

ಸ್ಕ್ಯಾನರ್ ಎಷ್ಟು ಸಾಧಾರಣ ಯಂತ್ರ ಅನ್ನುವುದನ್ನು ನೀವೇ ನೋಡಬಹುದು. ಕೌಂಟರ್‌ಗಳಲ್ಲಿರುವ ಬಹಳಷ್ಟು ಸ್ಕ್ಯಾನರ್‌ಗಳನ್ನು ಕಂಪ್ಯೂಟರ್ ಕೀಬೋರ್ಡ್ ಅಂತಲೇ ತಿಳಿದುಕೊಳ್ಳುತ್ತದೆ. ಬಿಲ್ಲಿಂಗ್ ಪರದೆ ಮುಚ್ಚಿ, ಖಾಲಿ ನೋಟ್‌ಪ್ಯಾಡ್ ತೆರೆದು ಸ್ಕ್ಯಾನ್ ಮಾಡಿದರೆ ಆ 18 ಅಂಕಿ ಟಕಟಕ ಟೈಪ್ ಆಗಿ, ಕೊನೆಗೆ ಎಂಟರ್ ಒತ್ತಿದ ಹಾಗೆ ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ. ಯಾರೋ ಕೂತು ಬಹಳ ಬೇಗ ಟೈಪ್ ಮಾಡಿದ ಹಾಗೆ. ಬೀಪ್ ಬಂದದ್ದು ಅಷ್ಟಕ್ಕೇ.

ಎಲ್ಲ ಕೋಡ್‌ಗಳೂ ಬರೀ ಅಂಕಿಯಾಗಿರುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್, ಯೂನಿಯನ್‌ಪೇ ಸೇರಿದಂತೆ ಆರು ಕಾರ್ಡ್ ಕಂಪನಿಗಳು ಸೇರಿ ನಡೆಸುವ ಇಎಂವಿಕೋ ಅನ್ನುವ ಸಂಸ್ಥೆ 2017ರಲ್ಲಿ ಇಂಥ ಕೋಡ್‌ಗೆ ಒಂದು ಮಾದರಿ ಹೊರತಂದಿತು. ಆ ಮಾದರಿಯ ಕ್ಯೂಆರ್ ಕೋಡನ್ನು ಓದಿಸಿದರೆ `hQVDUFYwMW` ಅಂತ ಶುರುವಾಗುವ ಉದ್ದನೆಯ ಅಕ್ಷರಸಾಲು ಬರುತ್ತದೆ. ನೋಡಿದರೆ ಗುಪ್ತಲಿಪಿ ಅನ್ನಿಸುತ್ತದೆ, ಆದರೆ ಅದು ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64 ಅನ್ನುವ ಕ್ರಮ ಅಷ್ಟೇ, ಬಿಚ್ಚಿದರೆ ಅದರೊಳಗೆ `CPV01` ಅನ್ನುವ ಗುರುತು ಸಿಗುತ್ತದೆ. ಇದು ಗ್ರಾಹಕರು ತೋರಿಸುವ ಕೋಡ್, ಒಂದನೇ ಆವೃತ್ತಿ ಅಂತ ಅದು ಹೇಳುವುದು. ಈ ಥರದ ಕೋಡ್ ಒಳಗೆ ಕಾರ್ಡಿನ ವಿವರ ಮತ್ತು ಆ ಒಂದು ಸಲಕ್ಕೆ ಮಾತ್ರ ಹೊಂದುವ ಒಂದು ಗಣಿತದ ಸಹಿಯನ್ನು ಕೂರಿಸಬಹುದು. ಅದು ಬೇರೆ ದಾರಿ. ನಾವು ಸರಳವಾದ 18 ಅಂಕಿಯ ಕೋಡನ್ನೇ ಹಿಡಿದು ಮುಂದೆ ಹೋಗೋಣ.

ಇಷ್ಟು ಚಿಕ್ಕ ಅಂಕಿಗೆ ಯಾಕೆ ನಂಬಿಕೆ? ಅದರ ಆಯುಸ್ಸು ಬಹಳ ಕಡಿಮೆ, ಬಳಕೆ ಒಂದೇ ಸಲ, ಈ ಎರಡು ಕಾರಣಕ್ಕೆ. ವೀಚಾಟ್ ಕೋಡ್ ಸುಮಾರು ಒಂದು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಊಹೆಯ ಮೇಲೆ ಹೊಡೆದು ನೋಡೋಣ ಅಂದರೂ ಆಗದ ಮಾತು. ಮೊದಲ ಎರಡು ಅಂಕಿ ಬಿಟ್ಟರೂ ಇನ್ನೂ 16 ಅಂಕಿ ಉಳಿಯುತ್ತವೆ, ಅಂದರೆ ಒಂದರ ಮುಂದೆ 16 ಸೊನ್ನೆ ಹಾಕಿದಷ್ಟು ಸಾಧ್ಯತೆಗಳು. ಈ ಕ್ಷಣ ಹತ್ತು ಕೋಟಿ ಕೋಡ್‌ಗಳು ಜೀವಂತ ಇವೆ ಅಂತಿಟ್ಟುಕೊಂಡರೂ ಸುಮ್ನೆ ಹೊಡೆದ ಅಂಕಿ ಸರಿಹೋಗುವುದು ಹೆಚ್ಚುಕಡಿಮೆ ಹತ್ತು ಕೋಟಿ ಸಲಕ್ಕೆ ಒಮ್ಮೆ.

ಕೋಡ್ ಹುಟ್ಟುವುದು ಎಲ್ಲಿ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಸುಲಭದ ದಾರಿ ಅಂದರೆ ಆಪ್ ತನ್ನ ಸರ್ವರ್ ಹತ್ತಿರ ಕೇಳುತ್ತದೆ, ಸರ್ವರ್ ಒಂದು ಅಂಕಿ ಕೊಟ್ಟು, "ಇದು ಇಂಥವರದು, ಇಷ್ಟು ಹೊತ್ತು ನಡೆಯುತ್ತದೆ" ಅಂತ ಬರೆದಿಟ್ಟುಕೊಳ್ಳುತ್ತದೆ. ಆದರೆ ನೆಲಮಾಳಿಗೆಯ ಅಂಗಡಿಯಲ್ಲಿ ಫೋನಿಗೆ ಸಿಗ್ನಲ್ಲೇ ಇಲ್ಲದಿದ್ದರೆ? ಆಗಲೂ ಕೆಲವು ಆಪ್‌ಗಳು ಹೊಸ ಕೋಡ್ ತೋರಿಸುತ್ತವೆ, ಪಾವತಿಯೂ ಆಗುತ್ತದೆ. ಇದು ಹೇಗೆ ಸಾಧ್ಯ?

ಆಪ್ ಹಾಕಿಕೊಂಡ ದಿನವೇ ಫೋನ್ ಮತ್ತು ಸರ್ವರ್ ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಂಡಿರುತ್ತವೆ. ಆಮೇಲೆ ಎರಡೂ ತಮ್ಮ ತಮ್ಮ ಗಡಿಯಾರ ನೋಡಿ, ಆ ಕೀಲಿಯನ್ನೂ ಹೊತ್ತನ್ನೂ ಸೇರಿಸಿ ಒಂದೇ ಲೆಕ್ಕ ಮಾಡುತ್ತವೆ. ಮಾತಾಡಿಕೊಳ್ಳದೆಯೇ ಇಬ್ಬರಿಗೂ ಒಂದೇ ಉತ್ತರ ಬರುತ್ತದೆ. ಈ ಲೆಕ್ಕದ ಒಂದು ಬಹಿರಂಗ ಮಾದರಿ 2011ರಲ್ಲಿ ಬಂದ ಆರ್‌ಎಫ್‌ಸಿ 6238 ಅನ್ನುವ ತಾಂತ್ರಿಕ ಪತ್ರ. ಒಂದೊಂದು ಕಂಪನಿ ತನ್ನದೇ ಬದಲಾವಣೆ ಮಾಡಿಕೊಳ್ಳುತ್ತದೆ, ಆದರೆ ಬೇರು ಒಂದೇ. ಆ ಪತ್ರದಲ್ಲೇ ಪರೀಕ್ಷೆಗೆ ಅಂತ ಕೊಟ್ಟಿರುವ ಎರಡು ಸಾಲು ನೋಡಿ:

```
ಸಮಯ (ಸೆಕೆಂಡ್)   30ರಿಂದ ಭಾಗಿಸಿದಾಗ   ಕೋಡ್
1111111109      37037036          07081804
1111111111      37037037          14050471
```

ಎಡಗಡೆ ಇರುವುದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಎರಡೂ ಸಾಲಿನ ನಡುವೆ ಇರುವ ಅಂತರ ಎರಡೇ ಸೆಕೆಂಡು. ಅದನ್ನು 30ರಿಂದ ಭಾಗಿಸಿ, ದಶಮಾಂಶ ಬಿಟ್ಟರೆ ಬರುವ ಸಂಖ್ಯೆ ಒಂದರಲ್ಲಿ 36ಕ್ಕೆ ಮುಗಿಯುತ್ತದೆ, ಇನ್ನೊಂದರಲ್ಲಿ 37ಕ್ಕೆ. ಯಾಕೆಂದರೆ ಆ ಎರಡು ಸೆಕೆಂಡಿನ ನಡುವೆ ಅರ್ಧ ನಿಮಿಷದ ಗೆರೆ ದಾಟಿತು. ಒಂದು ಅಂಕಿ ಬದಲಾಯಿತು ಅಷ್ಟೇ, ಕೋಡ್ ಮಾತ್ರ ಪೂರ್ತಿ ಬೇರೆ. ಹಳೆಯದರಿಂದ ಹೊಸದನ್ನು ಊಹಿಸಲು ದಾರಿಯೇ ಇಲ್ಲ. ಪಾವತಿ ಕೋಡ್‌ನಲ್ಲಿ ಇದರ ಜೊತೆ ಇದು ಯಾರ ಖಾತೆ ಅಂತ ಹುಡುಕಲು ಬೇಕಾದ ಗುರುತನ್ನೂ ಬೆರೆಸಬೇಕು, ಇಲ್ಲದಿದ್ದರೆ ಸರ್ವರ್‌ಗೆ ಯಾರ ಕೀಲಿಯಿಂದ ಲೆಕ್ಕ ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ.

ಇದರಿಂದ ಒಂದು ವಿಚಿತ್ರ ತೊಂದರೆಯೂ ಬರುತ್ತದೆ. ಫೋನಿನ ಗಡಿಯಾರ ಕೈಯಾರೆ ಐದು ನಿಮಿಷ ಮುಂದಿಟ್ಟುಕೊಂಡವರ ಕೋಡ್ ಇಂಥ ಕಡೆ ಕೆಲಸ ಮಾಡದೇ ಹೋಗಬಹುದು. ಸರ್ವರ್ ಹಿಂದಿನ ಒಂದು ಹೆಜ್ಜೆಯ ಕೋಡನ್ನೂ ಒಪ್ಪಿಕೊಳ್ಳಬಹುದು, ಐದು ನಿಮಿಷವನ್ನಲ್ಲ. ನೆಟ್‌ವರ್ಕ್ ಇದೆ, ಖಾತೆಯಲ್ಲಿ ದುಡ್ಡಿದೆ, ಬೀಪ್ ಕೂಡ ಬಂತು, ಆದರೂ ಮತ್ತೆ ಮತ್ತೆ "ಕೋಡ್ ಅವಧಿ ಮುಗಿದಿದೆ" ಅಂತ ಬರುತ್ತಿದ್ದರೆ ಮೊದಲು ಗಡಿಯಾರವನ್ನು ತಾನಾಗಿ ಹೊಂದಿಕೊಳ್ಳುವ ಸೆಟ್ಟಿಂಗ್‌ಗೆ ಹಾಕಿ ನೋಡಿ.

ಬೀಪ್ ಕೂಡ ಬಾರದಿದ್ದರೆ ಅದು ಬೆಳಕಿನ ಸಮಸ್ಯೆ. ಹಳೆಯ ಲೇಸರ್ ಸ್ಕ್ಯಾನರ್ ಕಾಗದದಿಂದ ಹಿಂದಿರುಗುವ ಬೆಳಕನ್ನು ಓದಲು ಮಾಡಿದ್ದು, ಹೊಳೆಯುವ ಗಾಜಿನ ಪರದೆ ಅದಕ್ಕೆ ಆಗಿಬರುವುದಿಲ್ಲ. ಕ್ಯಾಮೆರಾ ಇರುವ ಸ್ಕ್ಯಾನರ್ ಬೇಕು. ಪಾವತಿ ಕೋಡ್ ತೆರೆದ ಕೂಡಲೇ ಕೆಲವು ಆಪ್‌ಗಳು ಪರದೆಯನ್ನು ಜಾಸ್ತಿ ಬೆಳಗಿಸುವುದು ಆ ಕ್ಯಾಮೆರಾಕ್ಕೆ ಅಂತಲೇ.

ಸರಿ, ಅಂಕಿ ಓದಿ ಆಯಿತು. ಈಗ ಅಂಗಡಿಯ ಸಾಫ್ಟ್‌ವೇರ್ ಒಂದು ವಿನಂತಿ ಕಟ್ಟುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಮೂರು: ಎಷ್ಟು ದುಡ್ಡು, ಗ್ರಾಹಕರ ಕೋಡ್, ಮತ್ತು ಅಂಗಡಿ ತಾನೇ ಹುಟ್ಟಿಸಿದ ಒಂದು ಆರ್ಡರ್ ನಂಬರ್. ವೀಚಾಟ್, ಅಲಿಪೇ ಎರಡರಲ್ಲೂ ಇದರ ಹೆಸರು `out_trade_no`. ಜನ ಕೋಡ್ ಬಗ್ಗೆ ಎಷ್ಟೋ ಮಾತಾಡುತ್ತಾರೆ, ಈ ಆರ್ಡರ್ ನಂಬರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಯಾಕೆ ಅನ್ನುವುದನ್ನು ಈಗ ಹೇಳುತ್ತೇನೆ.

ವಿನಂತಿ ಅಂಗಡಿಯ ಕಂಪ್ಯೂಟರ್‌ನಿಂದ ಹೊರಟು, ಸಾಮಾನ್ಯವಾಗಿ ನಡುವಿನ ಒಂದು ಪಾವತಿ ಕಂಪನಿಯ ಮೂಲಕ ವಾಲೆಟ್ ಕಂಪನಿಯ ಸರ್ವರ್ ತಲುಪುತ್ತದೆ. ಅಂಗಡಿ ಹಾಕಿರುವ ಡಿಜಿಟಲ್ ಸಹಿ ಸರಿಯಿದೆಯಾ, ಕೋಡ್ ಇನ್ನೂ ಜೀವಂತ ಇದೆಯಾ, ಮುಂಚೆ ಬಳಸಿಲ್ಲವಲ್ಲಾ ಅಂತ ಅಲ್ಲಿ ನೋಡುತ್ತಾರೆ. ಎಲ್ಲ ಸರಿಯಿದ್ದರೆ ಕೋಡನ್ನು ಬಳಸಿದ್ದು ಅಂತ ಗುರುತು ಹಾಕುತ್ತಾರೆ. ಆಮೇಲೆ ಖಾತೆ ಹುಡುಕಿ, ಮೊತ್ತ ದೊಡ್ಡದಾ, ಅನುಮಾನ ಪಡುವಂಥದ್ದೇನಾದರೂ ಇದೆಯಾ ಅಂತ ತೂಗುತ್ತಾರೆ. ದುಡ್ಡು ವಾಲೆಟ್‌ನಲ್ಲೇ ಇದ್ದರೆ ಅಲ್ಲೇ ಕಳೆಯುತ್ತಾರೆ. ಬ್ಯಾಂಕ್ ಖಾತೆ ಅಥವಾ ಕಾರ್ಡ್ ಜೋಡಿಸಿದ್ದರೆ ಅಲ್ಲಿಗೆ ಇನ್ನೊಂದು ವಿನಂತಿ ಹೋಗಿ, ಉತ್ತರ ಬರುವವರೆಗೆ ಕಾಯಬೇಕು. ಎಲ್ಲ ಸುಸೂತ್ರವಾದರೆ ಎರಡು ಸೆಕೆಂಡಿನ ಒಳಗೆ "ಆಯಿತು" ಅಂತ ಉತ್ತರ ಅಂಗಡಿಗೆ ವಾಪಸ್ ಬರುತ್ತದೆ, ಬಿಲ್ ಹೊರಬರುತ್ತದೆ.

ಉತ್ತರ ಎರಡೇ ಬಗೆ ಅಂತ ಹೊರಗಿನಿಂದ ನೋಡಿದವರಿಗೆ ಅನ್ನಿಸುತ್ತದೆ, ಆಯಿತು ಅಥವಾ ಆಗಲಿಲ್ಲ. ಆದರೆ ಮೂರನೆಯದೊಂದಿದೆ: ಗೊತ್ತಿಲ್ಲ. ಅಲಿಪೇ ಉತ್ತರದಲ್ಲಿ `10000` ಬಂದರೆ ಆಯಿತು, `40004` ಬಂದರೆ ಆಗಲಿಲ್ಲ. `10003` ಬಂದರೆ ಗ್ರಾಹಕರ ಕಡೆಯಿಂದ ಇನ್ನೂ ಏನೋ ಆಗಬೇಕು, ಬಹುಶಃ ಅವರ ಫೋನಿನಲ್ಲಿ ಪಾಸ್‌ವರ್ಡ್ ಕೇಳುತ್ತಿದೆ. ವೀಚಾಟ್‌ನಲ್ಲಿ ಇದಕ್ಕೇ `USERPAYING` ಅನ್ನುತ್ತಾರೆ. ಇನ್ನು `20000` ಅಥವಾ `SYSTEMERROR` ಬಂದರೆ ಸರ್ವರ್‌ಗೇ ಏನಾಯಿತು ಅಂತ ಗೊತ್ತಿಲ್ಲ. ಇದೆಲ್ಲಕ್ಕಿಂತ ಕೆಟ್ಟದ್ದು ಉತ್ತರವೇ ಬಾರದಿರುವುದು. ವಿನಂತಿ ಹೋಗುವಾಗ ಕಳೆದುಹೋಯಿತಾ, ಅಥವಾ ದುಡ್ಡು ಕಳೆದ ಮೇಲೆ ಉತ್ತರ ಬರುವಾಗ ಕಳೆದುಹೋಯಿತಾ? ಅಂಗಡಿಯ ಕಡೆ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ದುಡ್ಡು ಹೋಗಿಲ್ಲ, ಎರಡನೆಯದರಲ್ಲಿ ಹೋಗಿದೆ.

ಇಲ್ಲಿ ನಾನು ಕಣ್ಣಾರೆ ನೋಡಿದ್ದನ್ನು ಹೇಳಬೇಕು. ನಮ್ಮ ಸಾಫ್ಟ್‌ವೇರ್ ಹಾಕಿದ್ದ ಒಂದು ಅಂಗಡಿಯಲ್ಲಿ, ರಶ್ ಇದ್ದ ಹೊತ್ತಿನಲ್ಲಿ ನೆಟ್‌ವರ್ಕ್ ತೆವಳುತ್ತಿತ್ತು. ಸ್ಕ್ಯಾನ್ ಆಯಿತು, ಬೀಪ್ ಬಂತು, ಹತ್ತು ಸೆಕೆಂಡಾದರೂ ಉತ್ತರ ಇಲ್ಲ. ನಾವು ಬರೆದಿದ್ದ ಪರದೆ ಕೆಂಪು ಬಣ್ಣದಲ್ಲಿ "ವಿಫಲ" ಅಂತ ತೋರಿಸಿತು. ಕ್ಯಾಷಿಯರ್ ಹುಡುಗ ಸಹಜವಾಗಿ, "ಮೇಡಂ, ಆಗ್ಲಿಲ್ಲ, ಇನ್ನೊಂದ್ಸಲ ತೋರಿಸ್ತೀರಾ?" ಅಂದ. ಅವರು ತೋರಿಸಿದರು. ಎರಡನೇ ಸಲ ತಕ್ಷಣ ಆಯಿತು, ಬಿಲ್ ಬಂತು. ಹೊರಗೆ ಹೋಗಿ ಅರ್ಧ ನಿಮಿಷ ಆಗಿರಲಿಲ್ಲ, ಅವರು ವಾಪಸ್ ಬಂದು ಫೋನ್ ಚಾಚಿದರು. "ನೋಡಪ್ಪಾ, ಎರಡು ಸಲ ಕಟ್ ಆಗಿದೆ."

ಹುಡುಗ ಮಾಡಿದ್ದು ತಪ್ಪಲ್ಲ. ತಪ್ಪು ನಮ್ಮದು. ಉತ್ತರ ಬಾರದಿದ್ದದ್ದನ್ನು ನಾವು "ವಿಫಲ" ಅಂತ ತೋರಿಸಿದ್ದೆವು, ಅದು "ಗೊತ್ತಿಲ್ಲ" ಆಗಬೇಕಿತ್ತು.

ಒಂದು ಕೋಡ್ ಒಂದೇ ಸಲ ನಡೆಯುತ್ತದೆ ಅಂದಿರಲ್ಲ, ಮತ್ತೆ ಎರಡು ಸಲ ಹೇಗೆ ಕಟ್ ಆಯಿತು ಅಂತ ನೀವು ಕೇಳಬಹುದು. ಅದೇ ಕೋಡನ್ನು ಮತ್ತೆ ಸ್ಕ್ಯಾನ್ ಮಾಡಿದ್ದರೆ ಸರ್ವರ್ ಖಂಡಿತ ತಳ್ಳಿಹಾಕುತ್ತಿತ್ತು. ಆದರೆ ಮೊದಲ ಕೋಡ್ ಬಳಕೆಯಾದ ಮೇಲೆ ಆಪ್ ತಾನಾಗಿ ಹೊಸ ಕೋಡ್ ತೋರಿಸಿತ್ತು. ಇತ್ತ "ವಿಫಲ" ಅಂದುಕೊಂಡ ನಮ್ಮ ಸಾಫ್ಟ್‌ವೇರ್ ಎರಡನೇ ಸಲಕ್ಕೆ ಹೊಸ ಆರ್ಡರ್ ನಂಬರ್ ಹುಟ್ಟಿಸಿತ್ತು. ಹೊಸ ಕೋಡ್, ಹೊಸ ಆರ್ಡರ್. ಸರ್ವರ್ ಕಣ್ಣಿಗೆ ಅದು ಬೇರೆಯೇ ವ್ಯಾಪಾರ. ಒಬ್ಬರೇ ಒಂದೇ ಮೊತ್ತಕ್ಕೆ ಎರಡು ಸಲ ಕೊಂಡರು ಅಂದುಕೊಳ್ಳುವುದು ಬಿಟ್ಟು ಅದಕ್ಕೆ ಬೇರೆ ದಾರಿ ಇರಲಿಲ್ಲ.

ಆಮೇಲೆ ನಾವು ಅದನ್ನು ಬದಲಾಯಿಸಿದೆವು. ಉತ್ತರ ಬಾರದಿದ್ದರೆ ಅದೇ ಆರ್ಡರ್ ನಂಬರ್ ಹಿಡಿದು "ಇದು ಏನಾಯಿತು?" ಅಂತ ಸರ್ವರ್‌ಗೆ ಕೇಳುತ್ತಾ ಹೋಗಬೇಕು. ಈ ಕಂಪನಿಗಳು ಹೇಳುವುದೂ ಅದನ್ನೇ, ಕೆಲವು ಸೆಕೆಂಡಿಗೊಮ್ಮೆ ಕೇಳಿ ಅಂತ. ನಮ್ಮ ಹೊಸ ಆವೃತ್ತಿಯಲ್ಲಿ ಅಂಥದ್ದೇ ಗಳಿಗೆಯ ದಾಖಲೆ ಹೀಗೆ ಕಾಣುತ್ತಿತ್ತು:

```
18:42:05  pay    C3-0817
18:42:15  timeout
18:42:15  query  C3-0817  WAIT_BUYER_PAY
18:42:20  query  C3-0817  WAIT_BUYER_PAY
18:42:25  query  C3-0817  TRADE_SUCCESS
```

ಮೊದಲ ಸಾಲಿನಲ್ಲಿ ವಿನಂತಿ ಹೋಗಿದೆ. ಹತ್ತು ಸೆಕೆಂಡು ಮೌನ. ಆಮೇಲೆ ಐದೈದು ಸೆಕೆಂಡಿಗೆ ಅದೇ C3-0817 ಬಗ್ಗೆ ವಿಚಾರಣೆ. ಎರಡು ಸಲ "ಗ್ರಾಹಕರು ಇನ್ನೂ ಕೊಟ್ಟಿಲ್ಲ" ಅನ್ನುವ ಉತ್ತರ, ಮೂರನೇ ಸಲ "ಆಯಿತು". ಈ ಇಪ್ಪತ್ತು ಸೆಕೆಂಡೂ ಕ್ಯಾಷಿಯರ್ ಪರದೆಯ ಮೇಲೆ ಹಳದಿ ಬಣ್ಣದಲ್ಲಿ "ಪರಿಶೀಲಿಸುತ್ತಿದ್ದೇವೆ, ಮತ್ತೆ ಸ್ಕ್ಯಾನ್ ಮಾಡಬೇಡಿ" ಅಂತ ಇರುತ್ತಿತ್ತು. ಸಾಲಿನಲ್ಲಿ ನಿಂತವರ ಮುಂದೆ ಇಪ್ಪತ್ತು ಸೆಕೆಂಡು ಬಹಳ ಉದ್ದ ಅನ್ನುವುದು ನಿಜ. ಆದರೆ ಎರಡು ಸಲ ಕಟ್ ಆದ ದುಡ್ಡು ವಾಪಸ್ ಬರುವಷ್ಟು ಉದ್ದವಲ್ಲ.

ಅರ್ಧ ನಿಮಿಷ, ಮುಕ್ಕಾಲು ನಿಮಿಷ ಕೇಳಿದರೂ ಗೊತ್ತಾಗದಿದ್ದರೆ? ಆಗ ಅಂಗಡಿ ಆ ಆರ್ಡರ್ ನಂಬರ್ ಮೇಲೆ ರದ್ದು ವಿನಂತಿ ಕಳಿಸುತ್ತದೆ, ಅಲಿಪೇಯಲ್ಲಿ `cancel`, ವೀಚಾಟ್‌ನಲ್ಲಿ `reverse`. ಈ ರದ್ದು ಮಾಡುವ ಕ್ರಮವನ್ನು ಜಾಣತನದಿಂದ ಕಟ್ಟಿದ್ದಾರೆ. ದುಡ್ಡು ಇನ್ನೂ ಹೋಗಿಲ್ಲದಿದ್ದರೆ ಆರ್ಡರ್ ಮುಚ್ಚಿಬಿಡುತ್ತದೆ, ಆಮೇಲೆ ತಡವಾಗಿ ಯಾರು ಪಾಸ್‌ವರ್ಡ್ ಹಾಕಿದರೂ ನಡೆಯುವುದಿಲ್ಲ. ಆಗಲೇ ಹೋಗಿದ್ದರೆ ಅದನ್ನು ವಾಪಸ್ ಕೊಡುತ್ತದೆ. ಅಂದರೆ ಏನಾಗಿತ್ತು ಅನ್ನುವುದು ಅಂಗಡಿಗೆ ಗೊತ್ತಿಲ್ಲದಿದ್ದರೂ, ಕೊನೆಗೆ ಗ್ರಾಹಕರ ದುಡ್ಡು ಗ್ರಾಹಕರ ಹತ್ತಿರವೇ ಉಳಿಯುತ್ತದೆ. ಹೊಸ ಆರ್ಡರ್ ನಂಬರ್‌ನಿಂದ ಮತ್ತೆ ಸ್ಕ್ಯಾನ್ ಮಾಡಬಹುದಾದದ್ದು ಇದಾದ ಮೇಲೆ ಮಾತ್ರ. ಆದರೆ ರದ್ದು ವಿನಂತಿಯೂ ಅದೇ ಕುಂಟುವ ನೆಟ್‌ವರ್ಕ್ ಮೇಲೆ ಹೋಗಬೇಕಲ್ಲ. ಅದಕ್ಕೂ ಉತ್ತರ ಬಾರದೇ ಇರಬಹುದು. ಹಾಗಾಗಿ "ರದ್ದಾಯಿತು" ಅನ್ನುವ ಉತ್ತರ ಕೈಗೆ ಸಿಗುವವರೆಗೆ ಸಾಫ್ಟ್‌ವೇರ್ ಅದನ್ನು ಕಳಿಸುತ್ತಲೇ ಇರಬೇಕು, ಕಂಪ್ಯೂಟರ್ ಆಫ್ ಆಗಿ ಆನ್ ಆದರೂ ಮರೆಯಬಾರದು. ನಾವು ಈ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳದೆ ಡಿಸ್ಕ್‌ಗೆ ಬರೆದಿಡುತ್ತಿದ್ದೆವು.

ಗ್ರಾಹಕರಾಗಿ ನೀವು ಇಂಥ ಗಳಿಗೆಯಲ್ಲಿ ಸಿಕ್ಕಿಕೊಂಡರೆ ನೋಡಬೇಕಾದದ್ದು ಒಂದೇ. ಮತ್ತೆ ಕೋಡ್ ತೋರಿಸುವ ಮೊದಲು ನಿಮ್ಮ ಆಪ್‌ನ ವಹಿವಾಟಿನ ಪಟ್ಟಿ ತೆರೆಯಿರಿ. ಅಲ್ಲಿ ಆ ಮೊತ್ತ ಬಂದಿದ್ದರೆ ಅದನ್ನು ಮುಟ್ಟಿ, ವಿವರದಲ್ಲಿ ಅಂಗಡಿಯ ಆರ್ಡರ್ ನಂಬರ್ ಇದೆಯಾ ನೋಡಿ ಕ್ಯಾಷಿಯರ್‌ಗೆ ತೋರಿಸಿ. ಅವರು ಆ ನಂಬರ್ ಹುಡುಕಿದರೆ ಇಬ್ಬರಿಗೂ ಅನುಮಾನ ಉಳಿಯುವುದಿಲ್ಲ. ನಿಮ್ಮ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಮಾತ್ರ ನಿಮ್ಮ ಪಟ್ಟಿಯನ್ನು ನಂಬಬೇಡಿ. ಆಫ್‌ಲೈನ್ ಕೋಡ್ ತೋರಿಸಿದ ಫೋನಿಗೆ ದುಡ್ಡು ಹೋಯಿತೋ ಇಲ್ಲವೋ ಅನ್ನುವ ಸುದ್ದಿ ತಲುಪುವುದೇ ಸಿಗ್ನಲ್ ಬಂದ ಮೇಲೆ.

ಕೋಡ್ ಕಳ್ಳತನದ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಇದು ಅನುಮತಿ ಚೀಟಿ ಅಂದೆನಲ್ಲ, ಹಾಗಾಗಿ ಆ ಒಂದು ನಿಮಿಷದಲ್ಲಿ ಅದು ಯಾರ ಕೈಗೆ ಸಿಕ್ಕರೂ ಚೀಟಿಯೇ. ಸಾಲಿನಲ್ಲಿ ಬೇಗ ಆಗಲಿ ಅಂತ ಮುಂಚೆಯೇ ಕೋಡ್ ತೆರೆದು ಹಿಡಿದು ನಿಂತವರ ಭುಜದ ಹಿಂದಿನಿಂದ ಯಾರಾದರೂ ಫೋಟೋ ತೆಗೆದು, ತಮ್ಮದೇ ಅಂಗಡಿ ಖಾತೆಯಿಂದ ಅದನ್ನು ಸ್ಕ್ಯಾನ್ ಮಾಡಬಹುದು. ಇನ್ನೂ ಸುಲಭದ ಮೋಸ ಅಂದರೆ ಫೋನ್ ಮಾಡಿ, "ಬಾರ್‌ಕೋಡ್ ಕೆಳಗಿರುವ ನಂಬರ್ ಸ್ವಲ್ಪ ಓದಿ ಹೇಳಿ ಸಾರ್, ವೆರಿಫೈ ಮಾಡ್ಬೇಕು" ಅಂತ ಕೇಳುವುದು. ನೋಟ್‌ಪ್ಯಾಡ್‌ನಲ್ಲಿ ಟೈಪ್ ಆದದ್ದು ಆ ಅಂಕಿಗಳೇ ಅನ್ನುವುದು ನೆನಪಿದ್ದರೆ ಸಾಕು. ಓದಿ ಹೇಳಿದರೂ ಒಂದೇ, ಸ್ಕ್ಯಾನ್ ಮಾಡಿಸಿದರೂ ಒಂದೇ. ಸಣ್ಣ ಮೊತ್ತಕ್ಕೆ ಪಾಸ್‌ವರ್ಡ್ ಕೇಳದಂತೆ ಇಟ್ಟಿದ್ದರೆ ಪೂರ್ತಿ ಕೆಲಸ ಆಗಿಹೋಗುತ್ತದೆ. ಕಳ್ಳರಿಗೆ ಅಡ್ಡಿಯಾಗಿರುವುದು ಆ ಮೊತ್ತದ ಮಿತಿ, ಮತ್ತು ದುಡ್ಡು ಪಡೆಯಲು ನೋಂದಾಯಿತ ಅಂಗಡಿ ಖಾತೆ ಬೇಕು ಅನ್ನುವ ನಿಯಮ. ಆ ಖಾತೆಯ ಹಿಂದೆ ಯಾರಿದ್ದಾರೆ ಅಂತ ಆಮೇಲೆ ಹುಡುಕಬಹುದು.

ಇನ್ನು ಅಂಗಡಿಯ ದುಡ್ಡು. ಪರದೆಯಲ್ಲಿ "ಆಯಿತು" ಅಂತ ಬಂದಾಗಲೂ ಅಂಗಡಿಯವರ ಬ್ಯಾಂಕ್ ಖಾತೆಗೆ ಸಾಮಾನ್ಯವಾಗಿ ಇನ್ನೂ ಏನೂ ಬಂದಿರುವುದಿಲ್ಲ. ಗ್ರಾಹಕರ ಲೆಕ್ಕದಲ್ಲಿ ಕಳೆದು, ಅಂಗಡಿಗೆ ಕೊಡಬೇಕು ಅಂತ ಬರೆದುಕೊಂಡಿರುತ್ತಾರೆ. ದಿನದ ಎಲ್ಲ ಪಾವತಿ ಕೂಡಿಸಿ, ವಾಪಸ್ ಕೊಟ್ಟದ್ದನ್ನು ಕಳೆದು, ತಮ್ಮ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಒಟ್ಟಿಗೆ ಹಾಕುತ್ತಾರೆ, ಒಪ್ಪಂದ ಇದ್ದ ಹಾಗೆ ಮಾರನೇ ದಿನವೋ ಅದರ ಮಾರನೇ ದಿನವೋ. ಜೊತೆಗೆ ಒಂದು ಲೆಕ್ಕದ ಫೈಲ್ ಬರುತ್ತದೆ, ಸಾಲಿಗೊಂದು ಪಾವತಿ, ಪ್ರತಿ ಸಾಲಿಗೂ ಅಂಗಡಿಯ ಆರ್ಡರ್ ನಂಬರ್.

ನಮ್ಮ ತಂಡದಲ್ಲಿ ಬೆಳಗ್ಗೆ ಮೊದಲು ಓಡುತ್ತಿದ್ದ ಕೆಲಸ ಈ ಫೈಲನ್ನು ಬಿಲ್‌ಗಳ ಪಕ್ಕ ಇಟ್ಟು ಹೋಲಿಸುವುದು. ಬಿಲ್ ಇದೆ, ಫೈಲಿನಲ್ಲಿ ಇಲ್ಲ ಅಂದರೆ ದುಡ್ಡು ಬಾರದೆ ಸಾಮಾನು ಹೋಗಿದೆ. ಫೈಲಿನಲ್ಲಿದೆ, ಬಿಲ್ ಇಲ್ಲ ಅಂದರೆ ಯಾರದೋ ದುಡ್ಡು ಸುಮ್ನೆ ಬಂದು ಕೂತಿದೆ. ಎರಡು ಸಲ ಕಟ್ ಆದದ್ದು ಗೊತ್ತೇ ಆಗದೆ ಮನೆಗೆ ಹೋದವರು ಸಿಗುತ್ತಿದ್ದದ್ದು ಈ ಎರಡನೇ ಪಟ್ಟಿಯಲ್ಲಿ. ಆ ಸಾಲಿನ ಆರ್ಡರ್ ನಂಬರ್ ಹಿಡಿದು ವಾಪಸ್ ಕಳಿಸಿದರೆ ಗ್ರಾಹಕರು ಯಾರು ಅಂತ ಅಂಗಡಿಗೆ ಗೊತ್ತಿರಬೇಕಾದ ಅಗತ್ಯವೂ ಇಲ್ಲ, ದುಡ್ಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.